ಒಂದೇ ಸಲಕ್ಕೆ ಪಾಸಾಗುವ ಪ್ರಯಾಣ ವೆಚ್ಚದ ಕ್ಲೇಮ್: ನಾನು ಬರೆಯುವ ಬಗೆ

ಪ್ರಯಾಣದ ಕ್ಲೇಮ್ ನೋಡುವ ಫೈನಾನ್ಸ್‌ನವರು ಪ್ರತಿ ಸಾಲಿನಲ್ಲೂ ಮೂರೇ ವಿಷಯ ಹುಡುಕುತ್ತಾರೆ: ಈ ಖರ್ಚು ಆಗಿದ್ದು ನಿಜವೇ, ಕಂಪನಿಯ ಪ್ರಯಾಣ ಪಾಲಿಸಿಯಲ್ಲಿ ಇದಕ್ಕೆ ಅವಕಾಶ ಇದೆಯೇ, ಇದ್ದರೆ ಎಷ್ಟರವರೆಗೆ. ಈ ಮೂರಕ್ಕೂ ಉತ್ತರ ಅದೇ ಸಾಲಿನಲ್ಲಿ ಸಿಕ್ಕರೆ ಅವರು ಮುಂದಿನ ಸಾಲಿಗೆ ಹೋಗುತ್ತಾರೆ. ಒಂದು ಸಾಲಿಗಾದರೂ ಪಾಲಿಸಿ ತೆರೆದು ಹುಡುಕಬೇಕಾಗಿ ಬಂದರೆ ಇಡೀ ಕ್ಲೇಮ್ ಬದಿಗೆ ಸರಿಯುತ್ತದೆ. ಹದಿನೈದು ಸಾಲು ಸರಿಯಿದ್ದು ಹದಿನಾರನೆಯದು ಅಡ್ಡ ನಿಂತರೂ ಹಣ ಬರುವುದಿಲ್ಲ. ಅದಕ್ಕೇ ನಾನು ಬಿಲ್ ಜೋಡಿಸುವುದಕ್ಕಿಂತ ಹೆಚ್ಚು ಸಮಯ ಸಾಲು ಬರೆಯುವುದಕ್ಕೆ ಕೊಡುತ್ತೇನೆ.

ನನ್ನ ಶೀಟಿನಲ್ಲಿ ಒಂದು ಬಿಲ್‌ಗೆ ಒಂದು ಸಾಲು. ಮೂರು ಟ್ಯಾಕ್ಸಿ ಬಿಲ್ ಕೂಡಿಸಿ ‘ಸ್ಥಳೀಯ ಓಡಾಟ’ ಎಂದು ಒಂದೇ ಮೊತ್ತ ಹಾಕಿದರೆ, ಪರಿಶೀಲಿಸುವವರು ಕ್ಯಾಲ್ಕುಲೇಟರ್ ಹಿಡಿದು ಮತ್ತೆ ಬಿಡಿಸಬೇಕಾಗುತ್ತದೆ. ಕಾಲಂಗಳು ಹೀಗಿರುತ್ತವೆ: ಕ್ರಮ ಸಂಖ್ಯೆ, ದಿನಾಂಕ, ವಿವರ, ಬಿಲ್ ಮೊತ್ತ, ಪಾಲಿಸಿ ಮಿತಿ, ಕೇಳುತ್ತಿರುವ ಮೊತ್ತ, ಪಾಲಿಸಿಯ ಕಲಂ, ಟಿಪ್ಪಣಿ. ಬಿಲ್ ಮೊತ್ತವೂ ಕೇಳುವ ಮೊತ್ತವೂ ಬೇರೆ ಬೇರೆ ಕಾಲಂನಲ್ಲಿ ಇರಲೇಬೇಕು. ಬಿಲ್ ಒಂದು ಹೇಳಿ ಶೀಟ್ ಇನ್ನೊಂದು ಹೇಳಿದಾಗ, ವ್ಯತ್ಯಾಸ ಬೇಕೆಂದೇ ಬಿಟ್ಟದ್ದೋ ತಪ್ಪಿ ಬಂದದ್ದೋ ಎಂದು ನೋಡುವವರಿಗೆ ತಿಳಿಯುವ ದಾರಿ ಅದೊಂದೇ.

ಕೇಳುವ ಮೊತ್ತವನ್ನು ಕೈಯಿಂದ ಟೈಪ್ ಮಾಡುವುದಿಲ್ಲ. ಡಿ ಕಾಲಂನಲ್ಲಿ ಬಿಲ್, ಇ ಕಾಲಂನಲ್ಲಿ ಮಿತಿ ಇದ್ದರೆ ಸೂತ್ರ ಇಷ್ಟೇ:

```
=MIN(D5,E5)
```

ಮಿತಿ ಇಲ್ಲದ ಸಾಲಿನಲ್ಲಿ ಇ ಕಾಲಂ ಖಾಲಿ ಬಿಟ್ಟರೂ ಸಾಕು, ಈ ಸೂತ್ರ ಖಾಲಿ ಕೋಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಸೊನ್ನೆ ಹಾಕಿದರೆ ಮಾತ್ರ ಕೇಳುವ ಮೊತ್ತವೂ ಸೊನ್ನೆಯಾಗುತ್ತದೆ.

ಈಗ ಒಂದು ಪ್ರಯಾಣವನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಮೂರು ದಿನ, ಎರಡು ರಾತ್ರಿ. 10,000 ಅಡ್ವಾನ್ಸ್ ಪಡೆದಿದೆ. ವಿಮಾನದ ಟಿಕೆಟ್ 7,400 ಅನ್ನು ಕಂಪನಿಯೇ ಕೊಂಡಿದೆ. ಅಂಕಿಗಳೂ ಕಲಂಗಳೂ ಉದಾಹರಣೆಗೆ ಹಿಡಿದವು. ನಿಮ್ಮ ಪಾಲಿಸಿಯಲ್ಲಿ ಬೇರೆ ಇರುತ್ತವೆ, ಲೆಕ್ಕದ ಬಗೆ ಮಾತ್ರ ಇದೇ.

ಮೊದಲ ಸಾಲಿನಲ್ಲಿ ವಿಮಾನದ ಟಿಕೆಟ್ ಇರುತ್ತದೆ, ಕೇಳುವ ಮೊತ್ತ ಸೊನ್ನೆ, ಟಿಪ್ಪಣಿಯಲ್ಲಿ ‘ಕಂಪನಿ ನೇರ ಪಾವತಿ’. ನನ್ನ ಕೈಯಿಂದ ಹೋಗದ ಹಣವನ್ನು ಯಾಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಬರೆಯದೆ ಬಿಟ್ಟರೆ ಶೀಟಿನಲ್ಲಿ ಹೋಟೆಲ್ ಇದೆ, ಟ್ಯಾಕ್ಸಿ ಇದೆ, ಆದರೆ ಊರಿಂದ ಊರಿಗೆ ಹೋದದ್ದು ಹೇಗೆ ಎಂಬುದೇ ಇಲ್ಲ. ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಹೆಚ್ಚು ಕ್ಲೇಮ್‌ಗಳು ಎಡವುವುದು ಹೋಟೆಲ್ ಸಾಲಿನಲ್ಲಿ. ರೂಮ್ ಬಾಡಿಗೆ ರಾತ್ರಿಗೆ 4,500, ತೆರಿಗೆ ಶೇ. 12 ಎಂದು ಹಿಡಿದರೆ 540. ಎರಡು ರಾತ್ರಿಗೆ ಬಿಲ್ 10,080. ಪಾಲಿಸಿಯ ಮಿತಿ ರಾತ್ರಿಗೆ 4,000, ‘ತೆರಿಗೆ ಹೊರತುಪಡಿಸಿ’. ಇಲ್ಲಿ ಹಲವರು ಬಿಲ್‌ನಿಂದ ಮಿತಿ ಮೀರಿದ 500ರಂತೆ ಎರಡು ರಾತ್ರಿಗೆ 1,000 ಕಳೆದು 9,080 ಕೇಳುತ್ತಾರೆ. ಅದು ತಪ್ಪು. ಮೀರಿದ ಬಾಡಿಗೆ ನಮ್ಮದಾದರೆ ಅದರ ಮೇಲಿನ ತೆರಿಗೆಯೂ ನಮ್ಮದೇ. ಸರಿಯಾದ ಲೆಕ್ಕ: 4,000 ಬಾಡಿಗೆಗೆ ತೆರಿಗೆ 480, ಒಟ್ಟು 4,480, ಎರಡು ರಾತ್ರಿಗೆ 8,960. ಮಿತಿಯ ಕಾಲಂನಲ್ಲಿ ನಾನು ಈ 8,960 ಅನ್ನೇ ಹಾಕಿ, ಟಿಪ್ಪಣಿಯಲ್ಲಿ ‘2 × (4,000 + 480), ಉಳಿದ 1,120 ಸ್ವಂತ ಖರ್ಚು’ ಎಂದು ಬರೆಯುತ್ತೇನೆ. ವ್ಯತ್ಯಾಸ 120 ಮಾತ್ರ ಇರಬಹುದು. ಆದರೆ ಆ 120ಕ್ಕಾಗಿ ಕ್ಲೇಮ್ ವಾಪಸ್ ಬಂದರೆ ಉಳಿದ ಅಷ್ಟೂ ಹಣ ಅದರ ಜೊತೆಗೇ ನಿಲ್ಲುತ್ತದೆ. ಮಿತಿ ತೆರಿಗೆ ಸೇರಿಯೋ ಹೊರತುಪಡಿಸಿಯೋ ಎಂದು ಪಾಲಿಸಿ ಹೇಳದಿದ್ದರೆ, ರೂಮ್ ಬುಕ್ ಮಾಡುವ ಮೊದಲೇ ಮೇಲ್‌ನಲ್ಲಿ ಕೇಳಿ, ಆ ಉತ್ತರವನ್ನು ಹೋಟೆಲ್ ಬಿಲ್‌ನ ಹಿಂದೆ ಲಗತ್ತಿಸಬೇಕು.

ಹೋಟೆಲ್‌ನಿಂದ ಪಡೆಯಬೇಕಾದದ್ದು ರೂಮ್ ಖಾಲಿ ಮಾಡುವಾಗ ಕೊಡುವ ಅಂತಿಮ ಬಿಲ್. ಬುಕಿಂಗ್ ದೃಢೀಕರಣದ ಮೇಲ್ ಬಿಲ್ ಅಲ್ಲ, ಏಕೆಂದರೆ ಬುಕ್ ಮಾಡಿಯೂ ಹೋಗದೇ ಇರಬಹುದು. ಕಾರ್ಡ್ ಯಂತ್ರದ ಚೀಟಿ ಹಣ ಕೊಟ್ಟಿದ್ದಕ್ಕೆ ಸಾಕ್ಷಿ, ಯಾವುದಕ್ಕೆ ಕೊಟ್ಟಿರಿ ಎಂಬುದಕ್ಕೆ ಅಲ್ಲ. ಬಿಲ್‌ನಲ್ಲಿ ಕಂಪನಿಯ ಹೆಸರೂ ತೆರಿಗೆ ನೋಂದಣಿ ಸಂಖ್ಯೆಯೂ ಇರಬೇಕೆಂದು ಪಾಲಿಸಿ ಹೇಳಿದ್ದರೆ, ಅದನ್ನು ರೂಮ್‌ಗೆ ಹೋಗುವ ಮೊದಲೇ ಕೌಂಟರ್‌ನಲ್ಲಿ ಬರೆಸಿಬಿಡಬೇಕು. ಹೊರಟ ಮೇಲೆ ಬಿಲ್ ತಿದ್ದಿಸುವುದು ಕಷ್ಟ. ರಾತ್ರಿಯ ಊಟವನ್ನು ರೂಮ್ ಲೆಕ್ಕಕ್ಕೆ ಹಾಕಿಸಬಾರದು. ಕಾರಣ ದಿನಭತ್ಯೆಯ ಸಾಲಿನಲ್ಲಿದೆ.

ದಿನಭತ್ಯೆಗೆ ಬಿಲ್ ಇರುವುದಿಲ್ಲ, ಹಾಗಾಗಿ ಅದರ ಲೆಕ್ಕವೇ ಅದರ ದಾಖಲೆ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ 900. ಹೊರಡುವ ದಿನ ಮಧ್ಯಾಹ್ನ 12ರ ನಂತರ ಮನೆ ಬಿಟ್ಟರೆ ಅರ್ಧ. ಮರಳುವ ದಿನ ರಾತ್ರಿ 8ರ ನಂತರ ಮನೆ ಸೇರಿದರೆ ಪೂರ್ತಿ. ಅತಿಥೇಯರು ಮಧ್ಯಾಹ್ನದ ಊಟ ಕೊಟ್ಟರೆ ಆ ದಿನದ್ದರಲ್ಲಿ ಶೇ. 30 ಕಡಿತ. ಮೊದಲ ದಿನ 12:40ಕ್ಕೆ ಹೊರಟದ್ದು, 450. ಎರಡನೆಯ ದಿನ ಸಭೆಯಲ್ಲೇ ಊಟ, 900ರಲ್ಲಿ 270 ಹೋಗಿ 630. ಮೂರನೆಯ ದಿನ ರಾತ್ರಿ 10:45ಕ್ಕೆ ಮನೆ, 900. ಒಟ್ಟು 1,980. ಈ ಮೂರನ್ನೂ ಮೂರು ಸಾಲಾಗಿ, ಸಮಯದ ಜೊತೆ ಬರೆಯುತ್ತೇನೆ.

ಇಲ್ಲಿ ಸಮಯಕ್ಕೆ ಸಾಕ್ಷಿ ಟ್ಯಾಕ್ಸಿ ಬಿಲ್. ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೋದ 820ರ ಬಿಲ್ ಮೇಲೆ 12:40 ಎಂದು ಅಚ್ಚಾಗಿರುತ್ತದೆ. ಅದೇ ದಿನಕ್ಕೆ ಪೂರ್ತಿ 900 ಕೇಳಿದರೆ, ನಾವೇ ಲಗತ್ತಿಸಿದ ಕಾಗದ ನಮ್ಮ ಲೆಕ್ಕವನ್ನು ಸುಳ್ಳು ಮಾಡುತ್ತದೆ. ಹಾಗೆಯೇ ದಿನಭತ್ಯೆ ಪಡೆದು, ಹೋಟೆಲ್ ಬಿಲ್‌ನಲ್ಲಿ ಊಟವನ್ನೂ ಸೇರಿಸಿದ್ದರೆ ಒಂದೇ ಊಟಕ್ಕೆ ಎರಡು ಸಲ ಹಣ ಕೇಳಿದಂತೆ. ಬೇಕೆಂದು ಮಾಡಿದ್ದಲ್ಲದಿರಬಹುದು, ಆದರೆ ಒಮ್ಮೆ ಇದು ಕಣ್ಣಿಗೆ ಬಿದ್ದರೆ ಮಿಕ್ಕ ಸಾಲುಗಳನ್ನೂ ಅನುಮಾನದಿಂದ ನೋಡುತ್ತಾರೆ. ಸಲ್ಲಿಸುವ ಮೊದಲು ದಿನಭತ್ಯೆಯ ಸಾಲುಗಳನ್ನು ಟಿಕೆಟ್, ಟ್ಯಾಕ್ಸಿ, ಹೋಟೆಲ್ ಬಿಲ್‌ಗಳ ಪಕ್ಕ ಇಟ್ಟು ಸಮಯ ತಾಳೆ ನೋಡುವುದು ನಾನು ಎಂದೂ ಬಿಡದ ಕೆಲಸ.

ಉಳಿದ ಟ್ಯಾಕ್ಸಿಗಳು ಸುಲಭ: ಎರಡನೆಯ ದಿನ ಗ್ರಾಹಕರ ಕಚೇರಿಗೆ ಹೋಗಿ ಬಂದದ್ದು 640, ಮರಳುವಾಗ ನಿಲ್ದಾಣದಿಂದ ಮನೆಗೆ 860. ‘ಟ್ಯಾಕ್ಸಿ’ ಎಂದಷ್ಟೇ ಬರೆಯದೆ ಎಲ್ಲಿಂದ ಎಲ್ಲಿಗೆ, ಯಾಕೆ ಎಂದು ಅರ್ಧ ಸಾಲು ಬರೆದರೆ ಸಾಕು. ಸಹೋದ್ಯೋಗಿಗಳು ಜೊತೆಗಿದ್ದರೆ ಒಬ್ಬರೇ ಪೂರ್ತಿ ಬಿಲ್ ಕೇಳಿ, ಮಿಕ್ಕವರ ಹೆಸರನ್ನು ಟಿಪ್ಪಣಿಯಲ್ಲಿ ಬರೆಯುವುದು ಒಳ್ಳೆಯದು. ಒಂದು ಬಿಲ್ ಎರಡು ಕ್ಲೇಮ್‌ನಲ್ಲಿ ಅರ್ಧರ್ಧ ಕಾಣಿಸಿಕೊಂಡರೆ ನಕಲು ಎಂದು ಎರಡೂ ನಿಲ್ಲುತ್ತವೆ. ಒಂದು ಸಣ್ಣ ಓಡಾಟಕ್ಕೆ ಬಿಲ್ಲೇ ಸಿಗಲಿಲ್ಲ, 180. ಬಿಲ್ ಇಲ್ಲದ ಖರ್ಚಿಗೆ ಪಾಲಿಸಿ ಒಂದು ಪ್ರಯಾಣಕ್ಕೆ 300ರವರೆಗೆ ಸ್ವಯಂ ಘೋಷಣೆ ಒಪ್ಪುತ್ತದೆ ಎಂದಿಟ್ಟುಕೊಳ್ಳಿ. ದಿನಾಂಕ, ಸ್ಥಳ, ಮೊತ್ತ, ಬಿಲ್ ಸಿಗದ ಕಾರಣ ಬರೆದು ಸಹಿ ಮಾಡಿದ ಒಂದು ಪುಟ, ಮಿಕ್ಕ ಬಿಲ್‌ಗಳಂತೆ ಅದಕ್ಕೂ ಒಂದು ಕ್ರಮ ಸಂಖ್ಯೆ. ಇಂಥ ಮೊತ್ತವನ್ನು ಬೇರೆ ಸಾಲಿನೊಳಗೆ ತುರುಕಬಾರದು.

ಇನ್ನೊಂದು ಸಾಲು ಟಿಕೆಟ್ ಬದಲಾವಣೆಯ ಶುಲ್ಕ, 1,250. ಮೂರನೆಯ ದಿನದ ಸಭೆ ಮಧ್ಯಾಹ್ನಕ್ಕೆ ಮುಗಿಯಬೇಕಿತ್ತು, ಸಂಜೆಗೆ ಹೋಯಿತು, ವಿಮಾನದ ಸಮಯ ಬದಲಿಸಬೇಕಾಯಿತು. ಕಚೇರಿಯ ಕಾರಣಕ್ಕೆ ಬದಲಾದರೆ ಮಾತ್ರ ಇದನ್ನು ಕೊಡುತ್ತಾರೆ, ಆದ್ದರಿಂದ ಶುಲ್ಕದ ರಸೀದಿಯ ಜೊತೆ ಸಭೆ ಮುಂದಕ್ಕೆ ಹೋದ ಮೇಲ್ ಮತ್ತು ಮೇಲಧಿಕಾರಿ ಒಪ್ಪಿದ ಮೇಲ್ ಎರಡೂ ಬೇಕು. ಸಭೆ ಮುಂದಕ್ಕೆ ಹೋದ ಮೇಲ್ ಇನ್ನೊಂದು ಸಾಲನ್ನೂ ಹೊರುತ್ತದೆ: ರಾತ್ರಿ 8ರ ನಂತರ ಮನೆ ಸೇರಿ ಪೂರ್ತಿ ದಿನಭತ್ಯೆ ಕೇಳಿದ್ದಕ್ಕೂ ಕಾರಣ ಅದೇ. ಎರಡೂ ಸಾಲಿನಲ್ಲಿ ಅದರ ಲಗತ್ತು ಸಂಖ್ಯೆ ಬರೆಯುತ್ತೇನೆ.

ಒಟ್ಟು ಹೀಗೆ ಬರುತ್ತದೆ: 820, 8,960, 640, 180, 1,250, 860, 1,980 ಸೇರಿ 14,690. ಅಡ್ವಾನ್ಸ್ 10,000 ಕಳೆದರೆ ಬರಬೇಕಾದ್ದು 4,690. ಅಡ್ವಾನ್ಸನ್ನು ಕೊನೆಯಲ್ಲಿ ಒಂದೇ ಸಲ ಕಳೆಯಬೇಕು, ಸಾಲುಗಳ ನಡುವೆ ಅಲ್ಲ. ಪೈಸೆಯವರೆಗಿನ ಅಂಕಿ ಬಂದರೂ ಸಾಲುಗಳಲ್ಲಿ ದುಂಡು ಮಾಡುವುದಿಲ್ಲ. ಮಾಡಿದರೆ ಮೊತ್ತ ಬಿಲ್‌ಗೆ ತಾಳೆಯಾಗದೆ ಹೋಗುತ್ತದೆ.

ಕಲಂ ಬರೆಯುವ ಕಾಲಂನಲ್ಲಿ ‘ಪಾಲಿಸಿ ಪ್ರಕಾರ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ‘ಕಲಂ 4.2, ವಸತಿ ಮಿತಿ, ತೆರಿಗೆ ಹೊರತು’ ಎಂದು ಸಂಖ್ಯೆ ಮತ್ತು ವಿಷಯ ಎರಡೂ ಇರಲಿ. ಮಿತಿ ಹುದ್ದೆಯ ದರ್ಜೆಗೋ ಊರಿನ ವರ್ಗಕ್ಕೋ ತಕ್ಕಂತೆ ಬದಲಾಗುವುದಾದರೆ ಅದನ್ನೂ ಅಲ್ಲೇ ಸೇರಿಸಬೇಕು. ಪಾಲಿಸಿ ಆಗಾಗ ಪರಿಷ್ಕರಣೆಯಾಗುತ್ತದೆ, ಹಳೆಯ ಪ್ರತಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ನಾನು ಯಾವ ದಿನಾಂಕದಿಂದ ಜಾರಿಯಾದ ಪ್ರತಿ ನೋಡಿದ್ದೇನೆಂದು ಶೀಟಿನ ತಲೆಯಲ್ಲಿ ಬರೆಯುತ್ತೇನೆ.

ಬಿಲ್‌ಗಳನ್ನು ಶೀಟಿನ ಕ್ರಮದಲ್ಲೇ ಒಂದೇ ಪಿಡಿಎಫ್ ಮಾಡಿ, ಪ್ರತಿ ಪುಟದ ಮೂಲೆಯಲ್ಲಿ ಸಾಲಿನ ಸಂಖ್ಯೆ ಬರೆಯುತ್ತೇನೆ. ಬಿಡಿ ಫೈಲ್‌ಗಳನ್ನೇ ಕೇಳುವ ಕಡೆ ಹೆಸರಿನಲ್ಲೇ ಸಂಖ್ಯೆಯೂ ಬಿಲ್ ಮೊತ್ತವೂ ಇರುತ್ತವೆ:

```
03_hotel_10080.pdf
```

ಟ್ಯಾಕ್ಸಿ ಮತ್ತು ಹೋಟೆಲ್‌ನ ಸಣ್ಣ ರಸೀದಿಗಳು ಹೆಚ್ಚಾಗಿ ಥರ್ಮಲ್ ಕಾಗದದ ಮೇಲೆ ಅಚ್ಚಾಗಿರುತ್ತವೆ. ಬಿಸಿಲು, ಕಾರಿನ ಬಿಸಿ ತಾಗಿದರೆ ಅಕ್ಷರ ಮಾಯವಾಗುತ್ತದೆ ಇಲ್ಲವೇ ಕಾಗದವೇ ಕಪ್ಪಾಗುತ್ತದೆ. ಕೈಗೆ ಬಂದ ದಿನವೇ ನಾಲ್ಕು ಅಂಚೂ ಕಾಣುವಂತೆ ಫೋಟೊ ತೆಗೆಯಬೇಕು. ಬಿಲ್ ಸಂಖ್ಯೆ ಮತ್ತು ದಿನಾಂಕ ಕತ್ತರಿಸಿ ಹೋದ ಫೋಟೊ ಪ್ರಯೋಜನಕ್ಕೆ ಬಾರದು.

ಮೇಲ್‌ನ ಪತ್ರ ಚಿಕ್ಕದು:

> ಪ್ರಯಾಣದ ಅನುಮತಿ ಸಂಖ್ಯೆ, ಪ್ರಾಜೆಕ್ಟ್ ಕೋಡ್ ಶೀಟಿನ ತಲೆಯಲ್ಲಿವೆ. ಒಟ್ಟು ಕೇಳಿದ್ದು 14,690, ಅಡ್ವಾನ್ಸ್ 10,000, ಬರಬೇಕಾದ್ದು 4,690. ಗಮನಿಸಬೇಕಾದವು ಮೂರು: ಹೋಟೆಲ್ ಮಿತಿ ಮೀರಿದ 1,120 ಕೇಳಿಲ್ಲ, 180ಕ್ಕೆ ಸ್ವಯಂ ಘೋಷಣೆ ಇದೆ, ಟಿಕೆಟ್ ಬದಲಾವಣೆಗೆ ಒಪ್ಪಿಗೆಯ ಮೇಲ್ ಲಗತ್ತಿಸಿದೆ.

ಪ್ರಶ್ನೆ ಬರಬಹುದಾದ ಸಾಲುಗಳನ್ನು ನಾವೇ ಮೊದಲು ತೋರಿಸಿದರೆ ನೋಡುವವರು ನೇರ ಅಲ್ಲಿಗೇ ಹೋಗುತ್ತಾರೆ. ಮಿತಿ ಮೀರಿದ ಹಣವೂ ನ್ಯಾಯವಾಗಿ ಬರಬೇಕು ಎನಿಸಿದರೆ, ಆ ಊರಿನಲ್ಲಿ ಅಂದು ಬೇರೆ ರೂಮ್ ಸಿಗಲೇ ಇಲ್ಲ ಎನ್ನುವಂಥ ಕಾರಣ ಇದ್ದರೆ, ಆ 1,120ಕ್ಕೆ ಪ್ರತ್ಯೇಕ ಮನವಿ ಕೊಡುತ್ತೇನೆ. ಅದರಲ್ಲಿ ಮೂಲ ಕ್ಲೇಮ್‌ನ ಸಂಖ್ಯೆ, ಹೋಟೆಲ್ ಬಿಲ್‌ನ ಸಾಲು, ಬೇರೆ ರೂಮ್ ಹುಡುಕಿದ್ದಕ್ಕೆ ಪುರಾವೆ ಇರುತ್ತವೆ. ವಿನಾಯಿತಿ ಕೊಡುವ ಅಧಿಕಾರ ಮೇಲಿನವರದ್ದು, ಅವರ ಸಹಿಗೆ ಕಾಯುವುದರಲ್ಲಿ 4,690 ಸಿಕ್ಕಿಕೊಳ್ಳಬಾರದು.

ಇಷ್ಟಾಗಿಯೂ ಒಂದು ಸಾಲಿಗೆ ಪ್ರಶ್ನೆ ಬಂದರೆ ಹೊಸ ಕ್ಲೇಮ್ ಹಾಕುವುದಿಲ್ಲ. ಅದೇ ಬಿಲ್ ಸಂಖ್ಯೆಗಳು ಎರಡನೆಯ ಸಲ ಕಂಡು ನಕಲು ಎಂದು ತಡೆಯಾಗುತ್ತದೆ. ಹಳೆಯ ಸಂಖ್ಯೆಯಲ್ಲೇ, ಆ ಸಾಲಿನ ಉತ್ತರ ಮತ್ತು ಆ ಒಂದು ಲಗತ್ತನ್ನು ಮಾತ್ರ ಕಳಿಸುತ್ತೇನೆ.