ಕವಿತೆ ಓದುವ ಸಂಜೆ: ಹೊಸಬರು ಹೆಸರು ಕೊಡುವಂಥ ಪ್ರಕಟಣೆ ಬರೆಯುವುದು ಹೇಗೆ?

ಗ್ರಂಥಾಲಯದ ಸೂಚನಾ ಫಲಕದಲ್ಲಿ ‘ಕವಿಗೋಷ್ಠಿ, ಆಸಕ್ತರಿಗೆ ಸ್ವಾಗತ’ ಎಂಬ ಹಾಳೆ ಅಂಟಿಸಿದರೆ ಹೆಸರು ಕೊಡುವವರು ಯಾರು? ಈಗಾಗಲೇ ನಾಲ್ಕಾರು ವೇದಿಕೆ ಹತ್ತಿ ಇಳಿದವರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕವಿತೆ ಬರೆದಿಟ್ಟು ಯಾರಿಗೂ ತೋರಿಸದವರು ಅದರ ಮುಂದೆ ನಿಲ್ಲುತ್ತಾರೆ, ಓದುತ್ತಾರೆ, ಹೊರಟುಹೋಗುತ್ತಾರೆ. ‘ಕವಿಗೋಷ್ಠಿ’ ಎಂದೊಡನೆ ‘ಅದು ಕವಿಗಳಿಗೆ, ನನಗಲ್ಲ’ ಎಂದು ಅವರಿಗೆ ಅನ್ನಿಸಿಬಿಡುತ್ತದೆ. ಆದ್ದರಿಂದ ಮೊದಲು ಶೀರ್ಷಿಕೆಯನ್ನೇ ಬದಲಿಸಿ. ‘ಕವಿತೆ ಓದುವ ಸಂಜೆ’ ಎಂದರೆ ಅಲ್ಲಿ ಮಾಡಬೇಕಾದ ಕೆಲಸ ಏನೆಂಬುದು ಹೆಸರಿನಲ್ಲೇ ಇರುತ್ತದೆ, ಬಿರುದು ಬೇಕಾಗುವುದಿಲ್ಲ.

ಬರೆಯುವ ಮೊದಲು ಗಡಿಯಾರದ ಲೆಕ್ಕ

ಎಷ್ಟು ಮಂದಿ ಓದಬಹುದು ಎಂಬುದು ಗೊತ್ತಿಲ್ಲದೆ ಪ್ರಕಟಣೆ ಬರೆಯಬಾರದು. ಬಂದ ಹೆಸರುಗಳನ್ನೆಲ್ಲ ಬರೆದುಕೊಂಡರೆ ಕೊನೆಯ ಐದಾರು ಮಂದಿಗೆ ‘ಬೇಗ ಮುಗಿಸಿ’ ಎನ್ನಬೇಕಾಗುತ್ತದೆ. ಆ ಮಾತು ಬೀಳುವುದು ಹೆಚ್ಚಾಗಿ ಅಳುಕುತ್ತಲೇ ಕೊನೆಗೆ ಹೆಸರು ಕೊಟ್ಟ ಹೊಸಬರ ಮೇಲೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗ್ರಂಥಾಲಯ ಸಂಜೆ 7:30ಕ್ಕೆ ಮುಚ್ಚುತ್ತದೆ. ಕುರ್ಚಿಗಳನ್ನು ಜಾಗಕ್ಕೆ ಸೇರಿಸಿ, ದೀಪ ಆರಿಸಿ, ಬೀಗ ಹಾಕಲು ಸಿಬ್ಬಂದಿಗೆ ಅರ್ಧ ಗಂಟೆ ಬಿಟ್ಟುಕೊಡಬೇಕು. ಹಾಗಾಗಿ ಕಾರ್ಯಕ್ರಮ 5:30ರಿಂದ 7ರವರೆಗೆ, ಅಂದರೆ 90 ನಿಮಿಷ. ಆರಂಭದ ಮಾತಿಗೆ 5, ನಡುವಿನ ವಿರಾಮಕ್ಕೆ 10, ಮುಗಿತಾಯಕ್ಕೆ 5 ನಿಮಿಷ ತೆಗೆದರೆ 70 ಉಳಿಯಿತು. ಒಬ್ಬರಿಗೆ ಓದಲು 4 ನಿಮಿಷ. ಹೆಸರು ಕರೆಯುವುದು, ಎದ್ದು ಬರುವುದು, ಚಪ್ಪಾಳೆ ಇವಕ್ಕೆ ಇನ್ನೊಂದು ನಿಮಿಷ. ತಲಾ 5 ನಿಮಿಷದಂತೆ 14 ಮಂದಿ ಹಿಡಿಸುತ್ತಾರೆ. ಆದರೆ 12ಕ್ಕೆ ನಿಲ್ಲಿಸಿ. ಯಾರಾದರೂ ಮಾತು ಬೆಳೆಸಿದರೆ ಉಳಿದ 10 ನಿಮಿಷ ಅದನ್ನು ನುಂಗಿಕೊಳ್ಳುತ್ತದೆ. ಈ 12ರಲ್ಲಿ 10 ಜಾಗವನ್ನು ಮುಂಚಿತವಾಗಿ ತುಂಬಿಸಿ, ಎರಡನ್ನು ಆ ಸಂಜೆಯೇ ಧೈರ್ಯ ಬಂದವರಿಗೆ ಖಾಲಿ ಇಡಿ. ಕೇಳಲು ಬಂದು, ಮೂರ್ನಾಲ್ಕು ಜನರ ಓದು ಕೇಳಿದ ಮೇಲೆ ‘ನಾನೂ ಓದಲೇ?’ ಎಂದು ಮೆಲ್ಲಗೆ ಕೇಳುವವರು ಇದ್ದೇ ಇರುತ್ತಾರೆ.

ಹೊಸಬರ ಪ್ರಶ್ನೆಗಳಿಗೆ ಅಲ್ಲೇ ಉತ್ತರ

‘ಹೊಸಬರಿಗೂ ಅವಕಾಶವಿದೆ’ ಎಂಬ ಸಾಲಿನಿಂದ ಯಾರ ಅಳುಕೂ ಹೋಗುವುದಿಲ್ಲ. ‘ನನ್ನದೇ ಕವಿತೆ ಇರಬೇಕೇ? ಬಾಯಿಪಾಠ ಬರಬೇಕೇ? ಓದಿದ ಮೇಲೆ ಯಾರಾದರೂ ವಿಮರ್ಶೆ ಮಾಡುತ್ತಾರೆಯೇ? ವಿಡಿಯೊ ತೆಗೆಯುತ್ತಾರೆಯೇ?’ ಹಿಂಜರಿಯುವವರ ಮನಸ್ಸಿನಲ್ಲಿರುವುದು ಇಂಥ ಪ್ರಶ್ನೆಗಳು. ಪ್ರಕಟಣೆ ಇವಕ್ಕೆ ನೇರವಾಗಿ ಉತ್ತರಿಸಬೇಕು. ಮೇಲಿನ ಲೆಕ್ಕಕ್ಕೆ ಹೊಂದುವ ಒಂದು ಮಾದರಿ ಇಲ್ಲಿದೆ:

> ಕವಿತೆ ಓದುವ ಸಂಜೆ
> ಶನಿವಾರ ಸಂಜೆ 5:30ರಿಂದ 7ರವರೆಗೆ, ಗ್ರಂಥಾಲಯದ ಮೊದಲ ಮಹಡಿಯ ವಾಚನ ಕೊಠಡಿ. ಪ್ರವೇಶ ಉಚಿತ, ಸದಸ್ಯತ್ವ ಬೇಕಿಲ್ಲ.
> ಮುಖ್ಯವಾಗಿ ಇದುವರೆಗೆ ಎಲ್ಲಿಯೂ ಓದದವರಿಗಾಗಿ ಈ ಸಂಜೆ. ನೀವು ಬರೆದ ಕವಿತೆ ಓದಬಹುದು, ನಿಮಗಿಷ್ಟವಾದ ಬೇರೊಬ್ಬರ ಕವಿತೆಯನ್ನೂ ಓದಬಹುದು. ನೋಡಿಕೊಂಡೇ ಓದಿ. ಒಬ್ಬರಿಗೆ 4 ನಿಮಿಷ. ಓದಿನ ನಂತರ ವಿಮರ್ಶೆ ಇಲ್ಲ, ಬಹುಮಾನ ಇಲ್ಲ. ವಿಡಿಯೊ, ಫೋಟೊ ತೆಗೆಯುವುದಿಲ್ಲ.
> ಓದಲು ಹತ್ತು ಜನರಿಗೆ ಮುಂಗಡ ಜಾಗವಿದೆ. ಬುಧವಾರ ಸಂಜೆಯೊಳಗೆ ಪುಸ್ತಕ ಕೊಡುವ ಕೌಂಟರ್‌ನಲ್ಲಿ ಹೆಸರು ಕೊಡಿ. ಇನ್ನೆರಡು ಜಾಗ ಆ ಸಂಜೆಯೇ ಹೇಳಿದವರಿಗೆ.
> ಸುಮ್ಮನೆ ಕೇಳಲು ಬರುವವರು ಹೆಸರು ಕೊಡಬೇಕಾಗಿಲ್ಲ.

ಇದರಲ್ಲಿ ನನಗೆ ಅತಿ ಮುಖ್ಯವೆನ್ನಿಸುವುದು ‘ಬೇರೊಬ್ಬರ ಕವಿತೆಯನ್ನೂ ಓದಬಹುದು’ ಎಂಬ ಮಾತು. ಸ್ವಂತದ್ದನ್ನು ಬಿಚ್ಚಿಡಲು ಹೆದರುವವರು ಮೊದಲು ಇನ್ನೊಬ್ಬರ ಸಾಲುಗಳ ಆಸರೆಯಲ್ಲಿ ನಿಲ್ಲುತ್ತಾರೆ. ಅಂಥವರು ಆ ಕವಿತೆ ಬರೆದವರ ಹೆಸರನ್ನು ಹೇಳಿಯೇ ಓದಬೇಕು, ಅಷ್ಟೆ. ಚಿತ್ರೀಕರಣವಿಲ್ಲ ಎಂದು ಬರೆದ ಮೇಲೆ ಅದನ್ನು ಪಾಲಿಸಬೇಕು. ಸಭಿಕರಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ನಿರ್ವಾಹಕರು ಹೋಗಿ ಇಳಿಸಲು ಹೇಳಬೇಕು.

ಹೆಸರು ಬರೆದುಕೊಳ್ಳುವ ಹಾಳೆ

ಪಟ್ಟಿ ಒಂದೇ ಇರಲಿ, ಅದನ್ನು ನೋಡಿಕೊಳ್ಳುವವರೂ ಒಬ್ಬರೇ ಇರಲಿ. ಕೌಂಟರ್‌ನಲ್ಲೊಂದು, ಮೊಬೈಲ್ ಸಂದೇಶಗಳಲ್ಲೊಂದು ಪಟ್ಟಿ ಬೆಳೆದರೆ ಹತ್ತು ಜಾಗಕ್ಕೆ ಹದಿನೈದು ಹೆಸರು ಸೇರಿ, ಐವರಿಗೆ ಕ್ಷಮೆ ಕೇಳಬೇಕಾಗುತ್ತದೆ. ಎಲ್ಲರೂ ತಾವೇ ಬರೆದುಹೋಗುವಂತೆ ಹಾಳೆಯನ್ನು ಮೇಜಿನ ಮೇಲೆ ಬಿಡುವುದೂ ಬೇಡ, ಅದರಲ್ಲಿ ಜನರ ಫೋನ್ ಸಂಖ್ಯೆಗಳಿರುತ್ತವೆ.

ಕೇಳಬೇಕಾದದ್ದು ನಾಲ್ಕೇ ಸಂಗತಿ. ವೇದಿಕೆಯಲ್ಲಿ ಯಾವ ಹೆಸರಿನಿಂದ ಕರೆಯಬೇಕು (ಕಾವ್ಯನಾಮವೂ ಆಗಬಹುದು), ಫೋನ್ ಸಂಖ್ಯೆ, ಇದು ಮೊದಲ ಓದೇ, ಮತ್ತು ಮೈಕ್ ಬೇಕೇ. ಕವಿತೆಯನ್ನು ಮುಂಚಿತವಾಗಿ ಕಳಿಸಿ ಎಂದು ಕೇಳಿದರೆ ಅದು ಆಯ್ಕೆಯಂತೆ ಕಾಣುತ್ತದೆ, ಹೊಸಬರು ಅಲ್ಲಿಯೇ ಹಿಂದೆ ಸರಿಯುತ್ತಾರೆ. ಹತ್ತು ತುಂಬಿದ ಮೇಲೆ ಬಂದವರನ್ನು ಕಾಯುವ ಪಟ್ಟಿಗೆ ಸೇರಿಸಿ, ಎಷ್ಟನೆಯವರು ಎಂಬುದನ್ನೂ ಹೇಳಿ.

ಗುರುವಾರ ಹತ್ತೂ ಮಂದಿಗೆ ಕರೆ ಮಾಡಬೇಕು. ಸಂದೇಶ ಕಳಿಸಿದರೆ ಸಾಲದು. ಬರಲಾಗದವರು ಸಂದೇಶಕ್ಕೆ ಉತ್ತರಿಸದೆ ಇರಬಹುದು, ಕರೆ ಮಾಡಿದರೆ ಹೇಳಿಬಿಡುತ್ತಾರೆ, ಆಗ ಕಾಯುವವರಿಗೆ ಎರಡು ದಿನದ ಸಿದ್ಧತೆಯಾದರೂ ಸಿಗುತ್ತದೆ. ಅದೇ ಕರೆಯಲ್ಲಿ ಒಂದು ಮಾತು ಸೇರಿಸಿ: ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದಾಗ ಎರಡೇ ನಿಮಿಷ ಎನಿಸಿದ ಕವಿತೆ ಬಾಯಿಬಿಟ್ಟು ಓದಿದಾಗ ಉದ್ದವಾಗುತ್ತದೆ.

ಕಾಗದದ ಬಗ್ಗೆಯೂ ಹೇಳಿ. ಕೈ ಸ್ವಲ್ಪ ನಡುಗಿದರೂ ತೆಳುವಾದ ಒಂಟಿ ಹಾಳೆ ಪಟಪಟ ಅಲುಗಾಡುತ್ತದೆ, ಮೈಕ್ ಹತ್ತಿರವಿದ್ದರೆ ಆ ಸದ್ದು ಕೋಣೆಗೆಲ್ಲ ಕೇಳುತ್ತದೆ. ಓದುವವರು ಅದನ್ನು ಕಂಡು ಇನ್ನಷ್ಟು ನಡುಗುತ್ತಾರೆ. ಗಟ್ಟಿ ರಟ್ಟಿಗೆ ಸಿಕ್ಕಿಸಿದ ಹಾಳೆ ಅಲುಗುವುದಿಲ್ಲ. ಅಕ್ಷರ ದೊಡ್ಡದಿರಲಿ, ಒತ್ತಕ್ಷರಗಳು ಮಂದ ಬೆಳಕಿನಲ್ಲಿ ಒಂದರೊಳಗೊಂದು ಸೇರಿದಂತೆ ಕಾಣುತ್ತವೆ. ಒಂದು ನುಡಿಯ ಅರ್ಧ ಈ ಪುಟದಲ್ಲಿ, ಅರ್ಧ ಹಿಂಬದಿಯಲ್ಲಿ ಬರದಂತೆ ಬರೆದುಕೊಳ್ಳಲಿ. ಮೊಬೈಲ್ ನೋಡಿ ಓದುವವರು ಪರದೆ ಆರದಂತೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಯಾರ ನಂತರ ಯಾರು

ಹೆಸರು ಕೊಟ್ಟ ಕ್ರಮದಲ್ಲೋ ಅಕಾರಾದಿಯಾಗಿಯೋ ಕರೆಯುವುದು ಸುಲಭ, ಆದರೆ ಹೊಸಬರಿಗೆ ಅದು ಕಷ್ಟ. ಮೊದಲು ಸ್ವಲ್ಪ ಅನುಭವವಿರುವ, ಸಮಯ ಮೀರದ ಒಬ್ಬರು ಚಿಕ್ಕ ಕವಿತೆ ಓದಲಿ. ನಾಲ್ಕು ನಿಮಿಷ ಎಂದರೆ ಎಷ್ಟು ಎಂಬುದು ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ. ಮೊದಲ ಬಾರಿಯವರು ಎರಡರಿಂದ ಆರನೆಯ ಜಾಗದೊಳಗೆ ಬರಲಿ, ವಿರಾಮದ ನಂತರದವರೆಗೆ ಕಾಯಿಸಿದರೆ ಅವರು ಅಲ್ಲಿಯವರೆಗೆ ಯಾರ ಕವಿತೆಯನ್ನೂ ಕೇಳಿಸಿಕೊಳ್ಳಲಾರರು. ಸಭೆಯನ್ನು ಹಿಡಿದಿಡುವ ಪಳಗಿದ ಕಂಠದವರು ವಿರಾಮಕ್ಕೆ ಮುಂಚೆ ಅಥವಾ ಕೊನೆಗೆ ಓದಲಿ. ಅವರ ಬೆನ್ನಿಗೇ ಹೊಸಬರನ್ನು ಕರೆಯಬೇಡಿ.

ಪಟ್ಟಿಯ ದೊಡ್ಡ ಪ್ರತಿಯನ್ನು ಬಾಗಿಲ ಬಳಿ ಅಂಟಿಸಿ, ಫೋನ್ ಸಂಖ್ಯೆ ಇಲ್ಲದೆ. ಮೂರೂವರೆ ನಿಮಿಷವಾದಾಗ ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಹಳದಿ ಕಾರ್ಡ್ ಎತ್ತಲಿ. ಗಂಟೆ ಬಾರಿಸಿದರೆ ಸಾಲು ತುಂಡಾಗುತ್ತದೆ. ಈ ಕಾರ್ಡಿನ ವಿಷಯವನ್ನು ಆರಂಭದ ಐದು ನಿಮಿಷದಲ್ಲೇ ಎಲ್ಲರಿಗೂ ತೋರಿಸಿ ಹೇಳಿಬಿಡಿ. ಯಾರಾದರೂ ನಡುವೆ ತಡವರಿಸಿ ನಿಂತರೆ ನಿರ್ವಾಹಕರು ‘ಆ ನುಡಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿ’ ಎಂದರೆ ಸಾಕು.

ಜಾಗ ಸಿಗದೆ ಕಾಯುವ ಪಟ್ಟಿಯಲ್ಲೇ ಉಳಿದವರ ಹೆಸರುಗಳನ್ನು ಮುಂದಿನ ಸಂಜೆಯ ಹಾಳೆಯ ಮೇಲ್ಭಾಗಕ್ಕೆ ಆ ರಾತ್ರಿಯೇ ಬರೆದಿಡಿ. ಹೊಸ ಪ್ರಕಟಣೆ ಫಲಕಕ್ಕೆ ಏರುವ ಮೊದಲು ಕರೆ ಹೋಗಬೇಕಾದದ್ದು ಅವರಿಗೆ.