ನೆಲದಿಂದ ಏಳಲಾಗದ ಮೈಕೈ ನೋವು

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಮಂಡಿ, ಸೊಂಟ, ಭುಜ ಅಂತ ಒಂದು ಜಾಗ ತೋರಿಸುವವರನ್ನು ನೋಡುವುದು ಸುಲಭ. "ಮೈಯೆಲ್ಲಾ ನೋವ್ರಿ" ಎನ್ನುವವರಿಗೆ ಜಾಸ್ತಿ ಹೊತ್ತು ಬೇಕು. ಇತ್ತೀಚೆಗೆ ಅಂಥವರಲ್ಲಿ ಬಹಳ ಜನ ಕೈಯಲ್ಲಿ ರಕ್ತದ ರಿಪೋರ್ಟ್ ಹಿಡಿದೇ ಬರುತ್ತಾರೆ. ವಿಟಮಿನ್ ಡಿ ಕಡಿಮೆ ಅಂತ ಅದರಲ್ಲಿ ಬರೆದಿರುತ್ತದೆ. ನೋವಿಗೆ ಕಾರಣ ಸಿಕ್ಕೇಬಿಟ್ಟಿತು ಅಂತ ಅವರ ಲೆಕ್ಕ.

ನನ್ನ ಲೆಕ್ಕ ಬೇರೆ. ನಮ್ಮ ಕಡೆ ಸುಮ್ನೆ ಯಾರ ರಕ್ತ ಪರೀಕ್ಷೆ ಮಾಡಿದರೂ ವಿಟಮಿನ್ ಡಿ ಕಡಿಮೆ ಬರುವ ಸಾಧ್ಯತೆ ಇದೆ. ನೋವಿಲ್ಲದವರಲ್ಲೂ ಅದು ಕಡಿಮೆ ಇರುತ್ತದೆ. ಹಾಗಾಗಿ ನಾನು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಎರಡು ವಿಷಯ ನೋಡುತ್ತೇನೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಎದೆಯ ನಡುವಿನ ಎಲುಬನ್ನೂ ಹಾಗೇ ಒತ್ತುತ್ತೇನೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಏಳಲು ಹೇಳುತ್ತೇನೆ. ಎಲುಬು ಒತ್ತಿದರೆ ನೋವು, ತೊಡೆ ಸೊಂಟದಲ್ಲಿ ಬಲ ಇಲ್ಲ, ಇವೆರಡೂ ಒಟ್ಟಿಗೆ ಇದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಗದಗ-ಬೆಟಗೇರಿಯಿಂದ ಬಂದ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 46. ಮನೆಯಲ್ಲೇ ಮಗ್ಗ. ಬೆಳಿಗ್ಗೆ ಕುಳಿತರೆ ಸಂಜೆಯವರೆಗೆ ಲಾಳಿ ಎಳೆಯುವ ಕೆಲಸ. ಮಗ್ಗದ ಕೋಣೆಗೆ ಬಿಸಿಲು ಬರುವುದಿಲ್ಲ. ಹೊರಗೆ ಹೋದರೂ ತಲೆ ಮೇಲೆ ಸೆರಗು, ಉದ್ದ ತೋಳಿನ ಕುಪ್ಪಸ. ಬಂದಿದ್ದು ಸೆಪ್ಟೆಂಬರಿನಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ.

"ಕುಂತ್ರ ಏಳಾಕ ಗ್ವಾಡಿ ಹಿಡೀಬೇಕ್ರಿ ಡಾಕ್ಟ್ರ. ರಾತ್ರಿ ಹೊಳ್ಳಿ ಮಲಗಿದ್ರೂ ಎಲುಬು ನೋಯ್ತಾವು" ಅಂದರು. ಒಂದು ವರ್ಷದಿಂದ ನೋವಿನ ಗುಳಿಗೆ ನುಂಗುತ್ತಿದ್ದರು. ನಡುವೆ ಯಾರೋ ಸಂಧಿವಾತ ಅಂದಿದ್ದರು, ಇನ್ಯಾರೋ ವಯಸ್ಸಾಯ್ತು ಅಂದಿದ್ದರು.

ಮುಂಗಾಲಿನ ಎಲುಬು ಮುಟ್ಟಿದ ತಕ್ಷಣ ಕಾಲು ಹಿಂದೆ ಎಳೆದುಕೊಂಡರು. ಕೀಲುಗಳಲ್ಲಿ ಬಾವಿರಲಿಲ್ಲ, ಬೆಳಗಿನ ಬಿಗಿತವೂ ಹೆಚ್ಚಿರಲಿಲ್ಲ. ಕುರ್ಚಿಯಿಂದ ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸಿದೆ. ನಾಲ್ಕೇ ಸಲ. 60 ದಾಟಿದ ಹೆಂಗಸರೂ ಸಾಮಾನ್ಯವಾಗಿ 12 ಸಲ ಏಳುತ್ತಾರೆ. ನಡಿಗೆಯಲ್ಲಿ ಮೈ ಎಡಕ್ಕೂ ಬಲಕ್ಕೂ ವಾಲುತ್ತಿತ್ತು.

ಇದು ಬರೀ ವಿಟಮಿನ್ ಕೊರತೆ ಅಲ್ಲ, ಎಲುಬು ಮೆತ್ತಗಾಗುತ್ತಿರುವ ಲಕ್ಷಣ ಅಂತ ಅನಿಸಿತು. ವೈದ್ಯರು ಇದನ್ನು ಆಸ್ಟಿಯೋಮಲೇಶಿಯಾ ಎನ್ನುತ್ತಾರೆ. ವಿಟಮಿನ್ ಡಿ ಇಲ್ಲದಿದ್ದರೆ ಕರುಳು ಊಟದಲ್ಲಿನ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆಸುತ್ತದೆ, ಮೂತ್ರದಲ್ಲಿ ಫಾಸ್ಫೇಟ್ ಹೊರಗೆ ಕಳಿಸುತ್ತದೆ. ಎಲುಬಿನ ಚೌಕಟ್ಟು ಹೊಸದಾಗಿ ಬೆಳೆಯುತ್ತಲೇ ಇರುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಸರಳು ಕಟ್ಟಿ ಸಿಮೆಂಟ್ ಹಾಕದೆ ಬಿಟ್ಟ ಛಾವಣಿಯ ಹಾಗೆ. ಎಲುಬಿನ ಮೇಲಿನ ಪೊರೆಯಲ್ಲಿ ನರಗಳು ಬಹಳ. ಅದರ ಕೆಳಗೆ ಮೆತ್ತನೆಯ ಪದರ ಇರುವುದರಿಂದಲೇ ಒತ್ತಿದಾಗ ಅಷ್ಟು ನೋವು.

ನಮ್ಮ ಜೊತೆ ಕೆಲಸ ಮಾಡುವ ಫಿಸಿಶಿಯನ್ ಹತ್ತಿರ ಕಳಿಸಿದೆ. ಗುಳಿಗೆ ಬರೆಯುವುದು ನನ್ನ ಕೆಲಸ ಅಲ್ಲ. ಅವರು ವಿಟಮಿನ್ ಡಿ ಒಂದನ್ನೇ ನೋಡಲಿಲ್ಲ. ಕ್ಯಾಲ್ಸಿಯಂ, ಫಾಸ್ಫರಸ್, ಎಲುಬು ಮೆತ್ತಗಾದಾಗ ರಕ್ತದಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್, ಕಿಡ್ನಿಗೆ ಕ್ರಿಯಾಟಿನಿನ್ ಮಾಡಿಸಿದರು. ಇದೇ ಥರ ನೋವು ಕೊಡುವ ಬೇರೆ ಕಾಯಿಲೆ ಇರಬಾರದಲ್ಲ, ಅದಕ್ಕೆ ಥೈರಾಯ್ಡ್ ಮತ್ತು ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್ ಕೂಡ. ಮಾಡಿಸಬೇಕಾದ ವಿಟಮಿನ್ ಡಿ ಪರೀಕ್ಷೆಯ ಹೆಸರು 25-ಹೈಡ್ರಾಕ್ಸಿ. 1,25 ಅಂತ ಇನ್ನೊಂದಿದೆ. ಅದು ಕೊರತೆ ಇದ್ದಾಗಲೂ ಸರಿಯಾಗೇ ಕಾಣಬಹುದು, ಅದನ್ನು ನಂಬಿ ಕೂರುವಂತಿಲ್ಲ.

ವಿಟಮಿನ್ ಡಿ 8 ಬಂತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುವುದು ರೂಢಿ, 10ರ ಕೆಳಗೆ ಎಲುಬಿಗೆ ನಿಜವಾದ ತೊಂದರೆ ಶುರುವಾಗಬಹುದು. ಆಲ್ಕಲೈನ್ ಫಾಸ್ಫಟೇಸ್ 212, ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ. ಫಾಸ್ಫರಸ್ ಕಡಿಮೆ, ಪ್ಯಾರಾಥೈರಾಯ್ಡ್ ಹಾರ್ಮೋನ್ ಜಾಸ್ತಿ. ಥೈರಾಯ್ಡ್, ಕಿಡ್ನಿ ಎರಡೂ ಸರಿ. ಈಗ ಕಥೆ ಒಂದಕ್ಕೊಂದು ಹೊಂದಿತು. ನಡೆಯುವಾಗ ತೊಡೆಸಂದಿಯಲ್ಲಿ ನೋವು ಅಂತ ಅಕ್ಕ ಹೇಳಿದ್ದರಿಂದ ಸೊಂಟದ ಎಕ್ಸ್‌ರೇ ಕೂಡ ತೆಗೆಸಿದೆವು. ಈ ಕಾಯಿಲೆಯಲ್ಲಿ ಎಲುಬಿನೊಳಗೆ ಸಣ್ಣ ಬಿರುಕು ಬೀಳುವುದುಂಟು. ಅದು ಇದ್ದರೆ ಭಾರ ಹಾಕಿಸುವ ವ್ಯಾಯಾಮ ಶುರು ಮಾಡುವಂತಿಲ್ಲ. ಬಿರುಕು ಇರಲಿಲ್ಲ.

ವೈದ್ಯರು 60,000 ಯೂನಿಟ್‌ನ ಸ್ಯಾಷೆ ವಾರಕ್ಕೊಂದು, ಎಂಟು ವಾರ ಬರೆದರು. ಜೊತೆಗೆ ದಿನಾ ಎರಡು ಸಲ, ಊಟದ ಜೊತೆ ಕ್ಯಾಲ್ಸಿಯಂ ಗುಳಿಗೆ. ಇಲ್ಲಿ ಒಂದು ಮಾತು ನಾನು ಎಲ್ಲರಿಗೂ ಎರಡು ಸಲ ಹೇಳುತ್ತೇನೆ. ವಾರಕ್ಕೊಂದು ಅಂದರೆ ವಾರಕ್ಕೊಂದೇ. ಬಿಪಿ, ಶುಗರ್ ಗುಳಿಗೆ ದಿನಾ ನುಂಗಿ ರೂಢಿ ಇರುವವರು ಇದನ್ನೂ ದಿನಾ ತಗೊಂಡುಬಿಡುತ್ತಾರೆ. ಕೆಲವರು ಒಂದು ಕೋರ್ಸ್ ಮುಗಿದ ಮೇಲೆ ಹಳೇ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತರುತ್ತಾರೆ. ಈ ವಿಟಮಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಜಾಸ್ತಿಯಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ ಬರುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಸ್ಯಾಷೆ ಪುಡಿಯನ್ನು ಊಟ ಆದ ಮೇಲೆ ಹಾಲಿನಲ್ಲಿ ಕಲಸಿ ಕುಡಿಯಿರಿ ಅಂದೆ, ಜಿಡ್ಡಿನ ಜೊತೆ ಚೆನ್ನಾಗಿ ಹಿಡಿಯುತ್ತದೆ. ದಿನ ಮರೆಯಬಾರದು ಅಂತ ಸೋಮವಾರ ನಿಗದಿ ಮಾಡಿದೆವು, ಕ್ಯಾಲೆಂಡರಿನಲ್ಲಿ ಸೊಸೆ ಗುರುತು ಹಾಕುತ್ತಿದ್ದಳು.

ಇನ್ನು ಬಿಸಿಲು. "ದಿನಾ ಮುಂಜಾನೆ ಆರೂವರೆಗೆ ಅಂಗಳದಾಗ ಕುಂದ್ರತೀನ್ರಿ" ಅಂದರು ಅಕ್ಕ. ಎಳೆಬಿಸಿಲು ಒಳ್ಳೆಯದು ಅಂತ ಎಲ್ಲರೂ ಹೇಳುವ ಮಾತು. ಕೂರಲು ಹಿತ, ಆದರೆ ವಿಟಮಿನ್ ಡಿ ಮಾಡಿಸುವ ಕಿರಣ ಆ ಹೊತ್ತಿಗೆ ನೆಲಕ್ಕೆ ತಲುಪುವುದಿಲ್ಲ ಎನ್ನುವಷ್ಟು ಕಡಿಮೆ. ಸೂರ್ಯ ಮೇಲೇರಬೇಕು. ಗಡಿಯಾರ ಬೇಡ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಹೆಚ್ಚುಕಡಿಮೆ ಹತ್ತರಿಂದ ಮೂರು ಗಂಟೆ. ಕಿಟಕಿ ಗಾಜಿನ ಹಿಂದೆ ಕುಳಿತರೆ ಪ್ರಯೋಜನ ಇಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ.

ಮಾಳಿಗೆ ಮೇಲೆ ಮೆಣಸಿನಕಾಯಿಯೋ ಕಾಳೋ ಒಣಹಾಕಲು ಹೋಗುವ ಹೊತ್ತನ್ನೇ ಹಿಡಿದುಕೊಂಡೆವು. ಹನ್ನೊಂದರ ಸುಮಾರಿಗೆ ಇಪ್ಪತ್ತು ನಿಮಿಷ, ತೋಳು ಮೊಣಕೈವರೆಗೆ ಮಡಚಿ, ಕಾಲು ಮೊಣಕಾಲವರೆಗೆ ಬಿಸಿಲಿಗೆ ಬಿಟ್ಟು. ಮುಖ ಮುಚ್ಚಿಕೊಂಡರೆ ಅಡ್ಡಿಯಿಲ್ಲ. ಚರ್ಮ ಉರಿಯುವಷ್ಟು ಹೊತ್ತು ಬೇಡ. ಒಂದು ಮಟ್ಟ ಮುಟ್ಟಿದ ಮೇಲೆ ಚರ್ಮ ಇನ್ನೂ ಜಾಸ್ತಿ ಮಾಡುವುದೂ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಹತ್ತು ಗಂಟೆಗೇ ಮುಗಿಸಿ ಅಂದೆ. ಆದರೆ 8ರಿಂದ ಮೇಲೇಳಲು ಬಿಸಿಲೊಂದನ್ನೇ ನಂಬಿದರೆ ಬಹಳ ನಿಧಾನ. ಮೇಲೆತ್ತುವುದು ಸ್ಯಾಷೆಯ ಕೆಲಸ. ಎತ್ತಿದ್ದು ಇಳಿಯದಂತೆ ನೋಡಿಕೊಳ್ಳಲು ಬಿಸಿಲು ನೆರವಾಗುತ್ತದೆ.

ವ್ಯಾಯಾಮ ಯಾವಾಗ ಶುರು ಮಾಡಬೇಕು ಅನ್ನುವುದರಲ್ಲಿ ಎರಡು ಥರದ ಜನ ಸಿಗುತ್ತಾರೆ. ನೋವು ಪೂರ್ತಿ ಹೋಗಲಿ, ಆಮೇಲೆ ಮಾಡೋಣ ಎನ್ನುವವರು ಕೆಲವರು. ಮೊದಲ ದಿನವೇ ಐದು ಕಿಲೋಮೀಟರ್ ನಡೆಯಿರಿ ಎನ್ನುವವರು ಇನ್ನು ಕೆಲವರು. ನಾನು ಮೊದಲ ವಾರದಿಂದಲೇ ಶುರು ಮಾಡಿಸುತ್ತೇನೆ, ಆದರೆ ಬಹಳ ಸಣ್ಣದಾಗಿ. ಅಕ್ಕನಿಗೆ ಮಂಚದ ಮೇಲೆ ಎರಡು ಗಟ್ಟಿ ದಿಂಬು ಇಟ್ಟು ಕೂರಿಸಿ, ಅಲ್ಲಿಂದ ಏಳುವುದು ಕೊಟ್ಟೆ. ಕೂರುವ ಜಾಗ ಎತ್ತರ ಇದ್ದಷ್ಟು ತೊಡೆಗೆ ಭಾರ ಕಡಿಮೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಸ್ವಲ್ಪ ಎತ್ತಿ ಇಳಿಸುವುದು ಇನ್ನೊಂದು. ಮಗ್ಗದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಮನೆಯೊಳಗೇ ಒಂದು ಸುತ್ತು. ಜಿಗಿತ, ಓಟ, ಭಾರ ಎತ್ತುವುದು ಪೂರ್ತಿ ಬೇಡ. ಮೆತ್ತಗಿರುವ ಎಲುಬಿಗೆ ಅದು ಬಿರುಕು ತರಬಹುದು.

ಎಷ್ಟು ಮಾಡಬೇಕು ಅಂತ ತಿಳಿಯಲು ಒಂದು ಅಳತೆ ಹೇಳಿದ್ದೆ. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಆದರೆ ಮರುದಿನ ಬೆಳಿಗ್ಗೆ ಮೊದಲಿಗಿಂತ ಜಾಸ್ತಿ ನೋವಿದ್ದರೆ ಹಿಂದಿನ ದಿನದ್ದು ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಎಲುಬಿನ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದು ಕಾಲೂರಲು ಕಷ್ಟವಾದರೆ ಅವತ್ತೇ ಫೋನ್ ಮಾಡಿ.

ಐದನೇ ವಾರದ ಹೊತ್ತಿಗೆ ರಾತ್ರಿ ನೋವು ಬಹುತೇಕ ಹೋಯಿತು. "ಆರಾಮ ಆದ್ನಿರಿ, ಇನ್ನ ಬರೋದು ಬ್ಯಾಡಲ್ರಿ?" ಅಂತ ಕೇಳಿದರು. ಮತ್ತೆ ಕುರ್ಚಿ ಪರೀಕ್ಷೆ ಮಾಡಿಸಿದೆ. ಆರು ಸಲ. ನೋವು ಹೋಗಿತ್ತು, ಬಲ ಬಂದಿರಲಿಲ್ಲ. ತುಂಬಾ ಜನ ಬಿಟ್ಟುಹೋಗುವುದು ಇಲ್ಲೇ. ವಿಟಮಿನ್ ಸಿಕ್ಕಿದರೆ ಸ್ನಾಯು ಕೆಲಸಕ್ಕೆ ಸಿದ್ಧವಾಗುತ್ತದೆ. ವರ್ಷಗಟ್ಟಲೆ ಕಳೆದುಕೊಂಡ ಬಲ ಮಾತ್ರ ದುಡಿಸಿದರೇ ಬರುವುದು. ಅಲ್ಲಿಂದ ದಿಂಬು ತೆಗೆದೆವು. ಬರೀ ಕುರ್ಚಿಯಿಂದ ಎಂಟೆಂಟು ಸಲ, ಮೂರು ಸರದಿ, ದಿನ ಬಿಟ್ಟು ದಿನ. ಕಟ್ಟೆಯ ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯೂರಿ ತಳ್ಳುವುದು ಸೇರಿಸಿದೆ. ಎಂಟು ವಾರದ ಮೇಲೆ ನೆಲದಿಂದ ಏಳುವುದನ್ನೇ ಅಭ್ಯಾಸ ಮಾಡಿಸಿದೆ: ಮೊದಲು ಒಂದು ಮಂಡಿ ಊರಿ, ಸ್ಟೂಲ್ ಹಿಡಿದು, ಆಮೇಲೆ ಸ್ಟೂಲ್ ಇಲ್ಲದೆ.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಮಟ್ಟ ಇನ್ನೂ ನೆಲೆ ನಿಂತಿರುವುದಿಲ್ಲ, ದುಡ್ಡು ದಂಡ. ವಿಟಮಿನ್ ಡಿ 34 ಬಂತು. ಆಲ್ಕಲೈನ್ ಫಾಸ್ಫಟೇಸ್ 150ರ ಹತ್ತಿರ, ಪೂರ್ತಿ ಇಳಿದಿರಲಿಲ್ಲ. ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕು, ಎಲುಬು ಗಟ್ಟಿಯಾಗುವ ಕೆಲಸ ಒಳಗೆ ನಡೆದೇ ಇರುತ್ತದೆ. ಕುರ್ಚಿಯಿಂದ 11 ಸಲ ಎದ್ದರು. ಗೋಡೆ ಹಿಡಿಯದೆ ನೆಲದಿಂದ ಏಳುತ್ತಿದ್ದರು.

ಕುತ್ತಿಗೆ ಮತ್ತು ಬಲ ಭುಜದ ನೋವು ಮಾತ್ರ ಹಾಗೇ ಉಳಿಯಿತು. ಅದು ವಿಟಮಿನ್‌ನದ್ದಲ್ಲ, ಲಾಳಿ ಎಳೆಯುವ ಕೈಯದ್ದು. ಅದಕ್ಕೆ ಬೇರೆ ವ್ಯಾಯಾಮ ಕೊಟ್ಟೆ, ಕೂರುವ ಹಲಗೆಯ ಎತ್ತರ ಸ್ವಲ್ಪ ಬದಲಿಸಲು ಹೇಳಿದೆ.

ಇದೇ ಹೊತ್ತಿಗೆ ಹುಬ್ಬಳ್ಳಿಯ ಒಬ್ಬ ಹುಡುಗನೂ ಬರುತ್ತಿದ್ದ. ವಿಟಮಿನ್ ಡಿ 19, ಮೈಕೈ ನೋವು. ಎಲುಬು ಒತ್ತಿದರೆ ಏನೂ ಇಲ್ಲ, ಬಸ್ಕಿ ಹೊಡೆಯುತ್ತಾನೆ, ಆಲ್ಕಲೈನ್ ಫಾಸ್ಫಟೇಸ್ ಸರಿಯಾಗಿದೆ. ರಾತ್ರಿ ಪಾಳಿ, ನಿದ್ದೆ ನಾಲ್ಕೇ ಗಂಟೆ. ಅವನ ವಿಟಮಿನ್ 40ಕ್ಕೆ ಏರಿದ ಮೇಲೂ ನೋವು ಇದ್ದ ಹಾಗೇ ಇತ್ತು. ನಿದ್ದೆ ಸರಿಪಡಿಸಿಕೊಂಡ ಮೇಲೆ ಕಡಿಮೆಯಾಯಿತು.

ಅಕ್ಕನಿಗೆ ವೈದ್ಯರು ಈಗ ಸ್ಯಾಷೆ ತಿಂಗಳಿಗೊಂದು ಮಾಡಿದ್ದಾರೆ. ಜೂನ್‌ನಿಂದ ಮೋಡ ಕಟ್ಟಿದರೆ ಮಾಳಿಗೆ ಬಿಸಿಲು ಸಿಗುವುದಿಲ್ಲವಲ್ಲ, ಆಗ ಅದನ್ನು ನಿಲ್ಲಿಸಬೇಡಿ ಅಂತ ಚೀಟಿಯಲ್ಲೇ ಬರೆದಿದ್ದಾರೆ. ದೀಪಾವಳಿ ಆದ ಮೇಲೆ ಮತ್ತೊಂದು ಪರೀಕ್ಷೆ ಇದೆ. ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಬೇಕಾ ಅಂತ ಸೊಸೆ ಕೇಳಿದಳು. ನೋವು, ಬಲಹೀನತೆ ಏನೂ ಇಲ್ಲದವರಿಗೆ ಬೇಡ ಅಂದೆ. ಅತ್ತೆಯ ಪಕ್ಕದಲ್ಲೇ ಮಗ್ಗಕ್ಕೆ ಕೂರುವ ನೀನು ಮಾತ್ರ ಹನ್ನೊಂದಕ್ಕೆ ಮಾಳಿಗೆ ಹತ್ತು ಅಂದೆ.