ಬಯೋಸ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಕೇಳಿದ 48 ಅಂಕಿ

ಭಾನುವಾರ ಸಂಜೆ ಸುಮ್ನೆ ಕೂತಿರಲಾರದೆ ಲ್ಯಾಪ್‌ಟಾಪಿನ ಬಯೋಸ್ ಅಪ್‌ಡೇಟ್ ಮಾಡಿದೆ. ತಯಾರಕರ ಸೈಟಿನಿಂದ ಫೈಲ್ ಇಳಿಸಿಕೊಂಡು, ಪೆನ್‌ಡ್ರೈವಿಗೆ ಹಾಕಿ, ಬಯೋಸ್ ಒಳಗಿಂದಲೇ ಓಡಿಸಿದೆ. ಐದಾರು ನಿಮಿಷದಲ್ಲಿ ಮುಗಿಯಿತು. ರೀಸ್ಟಾರ್ಟ್ ಆದಾಗ ವಿಂಡೋಸ್ ಬರಲಿಲ್ಲ. ನೀಲಿ ಪರದೆಯ ಮೇಲೆ BitLocker recovery ಎಂದಿತ್ತು. ಕೆಳಗೆ 48 ಅಂಕಿಯ ಕೀ ಹಾಕಿ ಎನ್ನುವ ಖಾಲಿ ಜಾಗ.

ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರನ್ನು ನಾನು ಯಾವತ್ತೂ ಹಾಕಿಕೊಂಡವನೇ ಅಲ್ಲ. ನನ್ನದು ವಿಂಡೋಸ್ 11 ಹೋಮ್. ವೈರಸ್ ಬಂತೇನೋ ಅಂತ ಮೊದಲು ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಹೋಮ್‌ನಲ್ಲೂ Device encryption ಎಂಬ ಹೆಸರಿನಲ್ಲಿ ಅದೇ ಕೆಲಸ ಮಾಡುವುದೊಂದಿದೆ. ಹೊಸ ಲ್ಯಾಪ್‌ಟಾಪನ್ನು ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಅದು ಎಷ್ಟೋ ಸಲ ತಾನಾಗಿಯೇ ಆನ್ ಆಗುತ್ತದೆ. ಕೀ ಕೂಡ ಆ ಖಾತೆಗೇ ಹೋಗಿ ಕೂರುತ್ತದೆ.

ಫೋನಿನಲ್ಲಿ aka.ms/myrecoverykey ತೆರೆದು ನನ್ನ ಖಾತೆಯಿಂದ ಒಳಗೆ ಹೋದೆ. ಒಂದು ಕೀ ಇತ್ತು! ಆದರೆ ಅದು ಹಳೆಯ ಲ್ಯಾಪ್‌ಟಾಪಿನದು. ಗೊತ್ತಾದದ್ದು ಹೇಗೆಂದರೆ, ನೀಲಿ ಪರದೆಯಲ್ಲಿ Recovery key ID ಎಂದು ಒಂದು ಗುರುತು ಇರುತ್ತದೆ. ಖಾತೆಯ ಪಟ್ಟಿಯಲ್ಲಿರುವ Key ID ಅದರ ಮೊದಲ 8 ಅಕ್ಷರಗಳಿಗೆ ಸರಿಹೊಂದಬೇಕು. ಹೊಂದದಿದ್ದರೆ ಆ ಕೀ ಎಷ್ಟು ಸಲ ಹೊಡೆದರೂ ಪ್ರಯೋಜನವಿಲ್ಲ.

ಹಾಗಾದರೆ ಈ ಲ್ಯಾಪ್‌ಟಾಪಿನ ಕೀ ಎಲ್ಲಿ? ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು. ಇದನ್ನು ತಂದ ದಿನ ಎಲ್ಲ ಸೆಟ್ ಮಾಡಿಕೊಟ್ಟವನು ಅಕ್ಕನ ಮಗ. ಅವನು ತನ್ನದೇ ಖಾತೆ ಹಾಕಿದ್ದ. ಫೋನ್ ಮಾಡಿದೆ.

"ಮಾಮ, ನಿಮ್ಮ ಲ್ಯಾಪ್‌ಟಾಪ್ ಹೆಸರು ಇಲ್ಲೇ ಇದೆ. ವಾಟ್ಸಾಪ್ ಮಾಡ್ಲಾ?"

"ಬೇಡಪ್ಪ, ಅದೆಲ್ಲ ಗುಟ್ಟಿನ ನಂಬರು. ಬಾಯಲ್ಲೇ ಹೇಳು, ಬರ್ಕೋತೀನಿ."

ನನ್ನ ಜಾಣತನಕ್ಕೆ ದಂಡ ಕಟ್ಟಿದೆ. 48 ಅಂಕಿ ಬರೆದುಕೊಂಡು ಹಾಕಿದರೆ ತಪ್ಪು ಎಂದಿತು. ಮತ್ತೆ ಅವನನ್ನು ಕಾಡುವ ಬದಲು ಒಂದು ಲೆಕ್ಕ ಮಾಡಿದೆ. ಈ ಕೀಯಲ್ಲಿ ಆರಾರು ಅಂಕಿಯ ಎಂಟು ಗುಂಪುಗಳಿರುತ್ತವೆ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಉದಾಹರಣೆಗೆ 217448 ಸರಿಯಾದ ಗುಂಪು, 11ರಿಂದ ಭಾಗಿಸಿದರೆ 19768. ಏಳನ್ನು ಆರು ಅಂತ ಕೇಳಿಸಿಕೊಂಡು 216448 ಬರೆದರೆ ಶೇಷ 1 ಉಳಿಯುತ್ತದೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿ ಅದಲುಬದಲಾದರೂ ಹೀಗೆ ಸಿಕ್ಕಿಬೀಳುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೋಡಿದರೆ ಐದನೇ ಗುಂಪು ಕೆಟ್ಟಿತ್ತು. ಅದೊಂದನ್ನು ಮಾತ್ರ ಮತ್ತೆ ಕೇಳಿಕೊಂಡೆ. ವಿಂಡೋಸ್ ಬಂತು.

ಇಷ್ಟಕ್ಕೂ ಯಾಕೆ ಕೇಳಿತು? ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಗೆ ಬೀಗ ಹಾಕಿಟ್ಟುಕೊಂಡಿರುವುದು ಟಿಪಿಎಂ, ಅಂದರೆ ಬೋರ್ಡಿನ ಮೇಲಿನ ಚಿಪ್ ಅಥವಾ ಪ್ರೊಸೆಸರ್ ಒಳಗಿನ ಒಂದು ಭಾಗ. ಯಂತ್ರ ಶುರುವಾಗುವಾಗ ಬಯೋಸ್ ಎಂಬ ಫರ್ಮ್‌ವೇರ್, ಸರಿಯಾದ ಸಹಿ ಇರುವುದನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟಿನ ಸ್ಥಿತಿ, ವಿಂಡೋಸನ್ನು ಎಬ್ಬಿಸುವ ಬೂಟ್ ಲೋಡರ್, ಒಂದೊಂದರ ಅಳತೆಯೂ ಟಿಪಿಎಂಗೆ ಹೋಗುತ್ತದೆ. ಪಿಸಿಆರ್ ಎಂಬ ಖಾನೆಗಳಲ್ಲಿ ಅದು ಈ ಅಳತೆ ಇಟ್ಟುಕೊಳ್ಳುತ್ತದೆ. ಬೀಗ ಹಾಕಿದ ದಿನದ ಅಳತೆಯೇ ಇವತ್ತೂ ಇದ್ದರೆ ಕೀ ಕೊಡುತ್ತದೆ. ಇಲ್ಲದಿದ್ದರೆ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಸವೆದಿದ್ದರೆ ಯಂತ್ರ ಅಸಲಿ ಕಾರ್ಡಿನವರನ್ನೂ ವಾಪಸ್ ಕಳಿಸುತ್ತದಲ್ವಾ, ಹಾಗೆ. ಫರ್ಮ್‌ವೇರ್ ಬದಲಾಯಿಸಿದವನು ನೀನೋ ಕಳ್ಳನೋ ಎಂದು ಟಿಪಿಎಂಗೆ ತಿಳಿಯುವುದಿಲ್ಲ.

ಆದರೂ ನನಗೆ ಒಂದು ಅನುಮಾನ ಉಳಿಯಿತು. ಎಲ್ಲ ಅಪ್‌ಡೇಟಿಗೂ ಹೀಗಾಗುವುದಿಲ್ಲವಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನ್ ಆಗಿ ಟರ್ಮಿನಲ್ ತೆರೆದು ಇದನ್ನು ಹೊಡೆದೆ:

```
manage-bde -protectors -get C:
```

ಇದರಲ್ಲಿ 48 ಅಂಕಿಯ ಕೀಯೂ ಕಾಣುತ್ತದೆ, ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬೇಡಿ. ನನಗೆ ಬೇಕಾಗಿದ್ದದ್ದು ಬೀಗ ಯಾವ ಯಾವ ಖಾನೆಗೆ ಕಟ್ಟಿದೆ ಎಂದು ಹೇಳುವ ಸಾಲು, PCR Validation Profile. ಅಲ್ಲಿ 0, 2, 4, 11 ಎಂದಿತ್ತು. ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಸಾಮಾನ್ಯವಾಗಿ 7, 11 ಇರಬೇಕು. ಯಂತ್ರದ ವಿವರ ತೋರಿಸುವ msinfo32 ತೆರೆದೆ. Secure Boot State: Off. ನಾನಂತೂ ಆಫ್ ಮಾಡಿರಲಿಲ್ಲ. ಅಪ್‌ಡೇಟ್ ಆಗುವಾಗ ಬಯೋಸ್ ಸೆಟ್ಟಿಂಗ್ ಎಲ್ಲ ಮೂಲಕ್ಕೆ ಮರಳಿದ್ದವು. ದಿನಾಂಕವೂ ತಪ್ಪಾಗಿತ್ತು, ಅದರಿಂದಲೇ ಖಾತ್ರಿಯಾಯಿತು.

7ನೇ ಖಾನೆ ಅಳೆಯುವುದು ಸೆಕ್ಯೂರ್ ಬೂಟ್ ಆನ್ ಇದೆಯೇ, ಅದರ ಸಹಿ-ಕೀಗಳು ಯಾವುವು ಎಂಬುದನ್ನು. ಫರ್ಮ್‌ವೇರ್ ಕೋಡ್ ಹೋಗುವುದು 0ನೇ ಖಾನೆಗೆ. ಬೀಗ 7, 11ಕ್ಕೆ ಕಟ್ಟಿದ್ದರೆ ಬರೀ ಬಯೋಸ್ ಆವೃತ್ತಿ ಬದಲಾದರೆ ಏನೂ ಆಗುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಆದರೆ ಅಥವಾ ಅದರ ಕೀಪಟ್ಟಿ ಬದಲಾದರೆ ಕೇಳುತ್ತದೆ. ನನಗಾದದ್ದು ಅದೇ. ನಾನು ಕೀ ಹಾಕಿ ಒಳಗೆ ಬಂದ ಮೇಲೆ ವಿಂಡೋಸ್ ಹೊಸ ಸ್ಥಿತಿಗೆ ತಕ್ಕಂತೆ ಬೀಗ ಮತ್ತೆ ಕಟ್ಟಿತು, ಈ ಸಲ 0, 2, 4, 11ಕ್ಕೆ. ಹಾಗೇ ಬಿಟ್ಟಿದ್ದರೆ ಮುಂದಿನ ಬಯೋಸ್ ಅಪ್‌ಡೇಟಿಗೂ ಇದೇ ನೀಲಿ ಪರದೆ ಬರುತ್ತಿತ್ತು, ಯಾಕೆಂದರೆ 0 ಬದಲಾಗೇ ಆಗುತ್ತದೆ.

ಅಕ್ಕನ ಮಗನಿಗೆ ಫೋನ್ ಮಾಡುವ ಮೊದಲೇ ಬಯೋಸಿಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದ್ದರೆ, ಅದರ ಕೀಪಟ್ಟಿ ಹಾಗೇ ಉಳಿದಿದ್ದ ಪಕ್ಷದಲ್ಲಿ, ಕೀ ಕೇಳದೆಯೇ ತೆರೆಯುತ್ತಿತ್ತು. ಆಗ ಅದು ಹೊಳೆಯಲಿಲ್ಲ. ಆದರೆ ಗಾಬರಿಯಲ್ಲಿ ಅಲ್ಲಿರುವ Clear TPM ಮಾತ್ರ ಮುಟ್ಟಬೇಡಿ. ಅದನ್ನು ಒತ್ತಿದರೆ ಟಿಪಿಎಂ ಹಿಡಿದಿದ್ದ ಬೀಗವೇ ಹೋಗುತ್ತದೆ, ಆಮೇಲೆ 48 ಅಂಕಿ ಬಿಟ್ಟು ಬೇರೆ ದಾರಿಯಿಲ್ಲ. ಆ ಅಂಕಿಯೂ ಸಿಗದಿದ್ದರೆ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ. ಯಾವ ರಿಪೇರಿ ಅಂಗಡಿಯವರೂ ಫೋಟೋ, ಫೈಲು ತೆಗೆದುಕೊಡಲಾರರು.

ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡುವಾಗ ಈ ಸಲ ಹುಷಾರಾಗಿದ್ದೆ. ಮೊದಲು ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ:

```
manage-bde -protectors -disable C: -RebootCount 0
```

ಇದರಿಂದ ಡಿಸ್ಕಿನ ಗೂಢಲಿಪಿ ಬಿಚ್ಚುವುದಿಲ್ಲ. ಟಿಪಿಎಂ ಪರೀಕ್ಷೆ ಮಾತ್ರ ನಿಲ್ಲುತ್ತದೆ. 0 ಎಂದರೆ ನಾನು ಹೇಳುವವರೆಗೂ ನಿಲ್ಲಿಸು ಅಂತ. ಸಂಖ್ಯೆ ಕೊಡದಿದ್ದರೆ ಒಂದು ರೀಸ್ಟಾರ್ಟಿಗೇ ರಕ್ಷಣೆ ಮರಳುತ್ತದೆ. ಬಯೋಸ್ ಅಪ್‌ಡೇಟ್ ಎರಡು ಮೂರು ಸಲ ರೀಸ್ಟಾರ್ಟ್ ಆಗುವುದೂ ಉಂಟು, ಅದಕ್ಕೇ 0. ಬಯೋಸಿನಲ್ಲಿ ಆನ್ ಮಾಡಿ, ವಿಂಡೋಸಿಗೆ ಬಂದು:

```
manage-bde -protectors -enable C:
```

ಈ ಎರಡನೇ ಆಜ್ಞೆ ಮರೆತರೆ ಲ್ಯಾಪ್‌ಟಾಪ್ ಕದ್ದವನಿಗೂ ಡಿಸ್ಕ್ ತೆರೆದೇ ಇರುತ್ತದೆ. ಆಮೇಲೆ -get ಇರುವ ಆ ಆಜ್ಞೆಯನ್ನು ಮತ್ತೆ ಹೊಡೆದು ನೋಡಿದೆ, 7, 11 ಎಂದಿತ್ತು.

ತಯಾರಕರ ಅಪ್‌ಡೇಟ್ ತಂತ್ರಾಂಶವನ್ನು ವಿಂಡೋಸ್ ಒಳಗಿಂದ ಓಡಿಸಿದರೆ ಸಾಮಾನ್ಯವಾಗಿ ಈ ನಿಲ್ಲಿಸುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ನಾನು ಪೆನ್‌ಡ್ರೈವಿನಿಂದ ಓಡಿಸಿದ್ದರಿಂದ ವಿಂಡೋಸಿಗೆ ಸುದ್ದಿಯೇ ಇರಲಿಲ್ಲ.

48 ಅಂಕಿಯನ್ನೂ Key IDಯ 8 ಅಕ್ಷರವನ್ನೂ ಒಂದು ಚೀಟಿಯಲ್ಲಿ ಬರೆದು, ಲ್ಯಾಪ್‌ಟಾಪಿನ ಬಿಲ್ಲಿಗೆ ಪಿನ್ ಮಾಡಿ ಬೀರುವಿನಲ್ಲಿಟ್ಟಿದ್ದೇನೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಂತೂ ಅಲ್ಲ.